ಎರಡು ಸಲವೂ ಎದ್ದೆ: ಎಂಟು ಸಾಲಿನ ಕವಿತೆಯೊಂದರ ರಸ ಹುಡುಕಿದ ಪ್ರಕರಣ

ಕವಿತೆ ಎಂಟೇ ಸಾಲಿನದು. ಮೊದಲು ಅದನ್ನು ಓದಿಬಿಡಿ, ಮಾತು ಆಮೇಲೆ.

ಮಳೆ ಬರುವ ಮುನ್ನ
ಮೆಟ್ಟಿಲ ಮೇಲಿನ ಚಪ್ಪಲಿ ಒಳಗೆ ತಂದಿಟ್ಟೆ.
ಇದ್ದದ್ದು ಅದೊಂದೇ ಜೊತೆ ನಿನಗೆ.
ಹಿಮ್ಮಡಿಯ ಗುಳಿಯಲ್ಲಿ ಇನ್ನೂ ಮಣ್ಣಿತ್ತು,
ಒರೆಸಲಿಲ್ಲ.
ದೀಪ ಸಣ್ಣಗೆ ಮಾಡಿದೆ, ಚಿಲಕ ಹಾಕಲಿಲ್ಲ.
ಗಾಳಿಗೆ ಬಾಗಿಲು ಎರಡು ಸಲ ಬಡಿಯಿತು.
ಎರಡು ಸಲವೂ ಎದ್ದೆ.

ಬರೆದವಳು ನನ್ನ ಗೆಳತಿ. ನಾವು ಆರು ಜನ ಆಗಾಗ ಒಟ್ಟಿಗೆ ಕೂತು ಕವಿತೆ ಓದುತ್ತೇವೆ. ಅವಳ ಮೊದಲ ಕರಡಿನಲ್ಲಿ ಹತ್ತು ಸಾಲಿದ್ದವು, ನಮಗೆ ಹಂಚಿದ ಹಾಳೆಯಲ್ಲಿ ಈ ಎಂಟೇ. ಕೊನೆಯ ಎರಡು ಸಾಲು ಏನಾದವು ಅಂತ ಮುಂದೆ ಹೇಳುತ್ತೇನೆ. ಎಲ್ಲರೂ ಓದಿ ಮುಗಿಸಿದ ಮೇಲೆ ನಮ್ಮಲ್ಲಿ ಹಿರಿಯರಾದ ಮೇಷ್ಟ್ರು ಮೊದಲು ಮಾತಾಡಿದರು: "ಚೆನ್ನಾಗಿದೆ ಕಣಮ್ಮ, ಒಳ್ಳೇ ವಿರಹದ ಕವಿತೆ." ನನಗೆ ಹಾಗನ್ನಿಸಿರಲಿಲ್ಲ. ನಾನು ಕಂಡದ್ದು ಸಾವು ಕಂಡ ಮನೆ. ಮೂಲೆಯಲ್ಲಿ ಕೂತಿದ್ದ ಎಂ.ಎ. ಓದುವ ಹುಡುಗ, "ಅಕ್ಕಾ, ನನಗಂತೂ ಓದ್ತಾ ಹೆದರಿಕೆ ಆಯ್ತು" ಅಂದ. ಬರೆದವಳು ಏನೂ ಹೇಳಲಿಲ್ಲ. ಹೇಳಬೇಡ ಅಂತ ನಾವೇ ಅವಳಿಗೆ ಮೊದಲೇ ಹೇಳಿದ್ದೆವು.

ಹೀಗೆ ಒಂದೇ ಕವಿತೆಗೆ ಶೃಂಗಾರ, ಕರುಣ, ಭಯಾನಕ ಅಂತ ಮೂರು ಹೆಸರು ಬಂದವು. ಅವರವರಿಗೆ ಕಂಡದ್ದು ಅವರವರಿಗೆ ಸರಿ ಅಂತ ಬಿಟ್ಟುಬಿಡಬಹುದಿತ್ತು. ಆದರೆ ರಸದ ಬಗ್ಗೆ ಯೋಚಿಸಿದ ಹಳಬರು ಅಲ್ಲಿಗೇ ಬಿಡುವವರಲ್ಲ. ಅನ್ನಿಸಿದ್ದು ಎಲ್ಲಿಂದ ಬಂತು, ಯಾವ ಮಾತಿನಿಂದ ಬಂತು ಅಂತ ತೋರಿಸು ಅನ್ನುತ್ತಾರೆ. ಆ ಸಂಜೆ ನಾವು ಮಾಡಿದ್ದು ಅದನ್ನೇ.

ಮೂರು ಎಳೆ, ಒಂದು ಗಂಟು

ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಸೂತ್ರ ಇದೆ. ವಿಭಾವ, ಅನುಭಾವ, ವ್ಯಭಿಚಾರಿ ಭಾವ ಇವು ಕೂಡಿದರೆ ರಸ ಹುಟ್ಟುತ್ತದೆ ಅನ್ನುತ್ತದೆ ಅದು. ಹೆಸರುಗಳು ಭಾರವಾಗಿ ಕೇಳುತ್ತವೆ. ಕವಿತೆಯ ಪಕ್ಕ ಇಟ್ಟು ನೋಡಿದರೆ ಅಷ್ಟೇನೂ ಕಷ್ಟ ಇಲ್ಲ.

ಭಾವ ಯಾರ ಸುತ್ತ, ಯಾವುದರ ಸುತ್ತ ಹುಟ್ಟುತ್ತದೋ ಅದು ವಿಭಾವ. ಅದರಲ್ಲಿ ಎರಡು ಬಗೆ. ಇಲ್ಲಿ "ನಿನಗೆ" ಅಂತ ಕರೆಸಿಕೊಂಡ ವ್ಯಕ್ತಿ ಆಲಂಬನ, ಅಂದರೆ ಭಾವಕ್ಕೆ ಆಸರೆ. ಮಳೆ, ಸಣ್ಣ ದೀಪ, ಗಾಳಿ, ಬಡಿಯುವ ಬಾಗಿಲು ಇವು ಉದ್ದೀಪನ, ಅಂದರೆ ಆ ಭಾವವನ್ನು ಊದಿ ಉರಿಸುವಂಥವು. ಒಳಗಿನ ಭಾವ ಹೊರಗೆ ಮೈಯಲ್ಲಿ, ನಡೆಯಲ್ಲಿ ಕಂಡರೆ ಅದು ಅನುಭಾವ. ಚಪ್ಪಲಿ ತಂದಿಡುವುದು, ಮಣ್ಣು ಒರೆಸದಿರುವುದು, ಎದ್ದೇಳುವುದು ಅನುಭಾವಗಳು. ಬಂದು ಹೋಗುವ ಚಿಕ್ಕ ಭಾವಗಳು ವ್ಯಭಿಚಾರಿಗಳು. ನೆನಪು, ಚಿಂತೆ, ಆತುರ, ಮಂಕು ಹೀಗೆ ಭರತ 33 ಹೆಸರು ಕೊಡುತ್ತಾನೆ. ಇವೆಲ್ಲದರ ಅಡಿಯಲ್ಲಿ ಕದಲದೆ ನಿಂತದ್ದು ಸ್ಥಾಯಿ ಭಾವ. ಶೃಂಗಾರಕ್ಕೆ ರತಿ ಅಂದರೆ ಒಲವು, ಕರುಣಕ್ಕೆ ಶೋಕ, ಭಯಾನಕಕ್ಕೆ ಭಯ. ಕವಿತೆಯ ಮುಖ್ಯ ಭಾವ ಯಾವುದು ಅಂತ ಕೇಳಿದರೆ ನಾವು ಕೇಳುತ್ತಿರುವುದು ಈ ಸ್ಥಾಯಿಯನ್ನು.

ಸೂತ್ರದಲ್ಲಿ ಎಲ್ಲರೂ ಬೇಗ ದಾಟಿಬಿಡುವ ಮಾತು "ಕೂಡಿದರೆ" ಅನ್ನುವುದು. ಅದು ಯಾಕೆ ಬೇಕು ಅಂತ 11ನೇ ಶತಮಾನದ ಕಾವ್ಯಮೀಮಾಂಸಕ ಮಮ್ಮಟ ತುಂಬ ಸರಳವಾಗಿ ಹೇಳಿದ್ದಾನೆ. ಒಂದು ಹುಲಿ ಇದೆ ಅನ್ನಿ. ಅದು ಹೇಡಿಗೆ ಭಯದ ವಿಭಾವ. ವೀರನಿಗೆ ಅದೇ ಹುಲಿ ಉತ್ಸಾಹದ ವಿಭಾವ. ಹಿಂದೆಂದೂ ಹುಲಿ ಕಾಣದವನಿಗೆ ಅದು ಬೆರಗು. ಕಣ್ಣೀರು ಶೋಕದಲ್ಲೂ ಬರುತ್ತದೆ, ವಿರಹದಲ್ಲೂ ಬರುತ್ತದೆ, ಭಯದಲ್ಲೂ ಬರುತ್ತದೆ. ಚಿಂತೆಯೂ ಹಾಗೇ. ಯಾವುದೇ ಒಂದು ಎಳೆ ಒಂದೇ ರಸಕ್ಕೆ ಕಟ್ಟುಬಿದ್ದಿಲ್ಲ. ಮೂರೂ ಒಂದು ಗಂಟಾದಾಗ ಮಾತ್ರ ಬೇರೆ ಸಾಧ್ಯತೆಗಳು ಕಳಚಿ ಬೀಳುತ್ತವೆ. ನಮ್ಮ ಜಗಳ ಬಿಡಿಸಿದ್ದು ಕೊನೆಗೆ ಈ ಮಾತೇ.

ಎಂಟು ಸಾಲಿನಲ್ಲಿ ಮೂರೂ ಎಳೆ ಪೂರ್ತಿಯಾಗಿ ಸಿಗಲೇಬೇಕು ಅಂತ ಏನಿಲ್ಲ. ನಾಟಕಕ್ಕೆ ಹುಟ್ಟಿದ ವಿಚಾರ ಇದು, ಚಿಕ್ಕ ಕವಿತೆಗೆ ಹೇಗೆ ಹೊಂದುತ್ತದೆ ಅಂತ ಎಂ.ಎ. ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೂ ಮಮ್ಮಟನಲ್ಲಿ ಉತ್ತರ ಇದೆ. ಒಂದು ಎಳೆ ಮಾತ್ರ ಕಂಡರೂ, ಅದು ಉಳಿದೆರಡನ್ನು ತಪ್ಪದೆ ಊಹಿಸುವಂತೆ ಮಾಡಿದರೆ ಸಾಕು. ಅದಕ್ಕೂ ಮೊದಲು, 9ನೇ ಶತಮಾನದಲ್ಲಿ ಆನಂದವರ್ಧನ ಕವಿ ಅಮರುಕನ ಬಿಡಿ ಪದ್ಯಗಳ ಬಗ್ಗೆ, ಒಂದೊಂದು ಪದ್ಯವೂ ಇಡೀ ಕಾವ್ಯದಷ್ಟು ರಸ ಸುರಿಸುತ್ತದೆ ಅಂದಿದ್ದ. ಅಳತೆ ಚಿಕ್ಕದು ಅನ್ನುವುದು ಅಡ್ಡಿ ಅಲ್ಲ.

ಮೇಷ್ಟ್ರಿಗೆ ವಿರಹ ಯಾಕೆ ಕಂಡಿತು

ಮೇಷ್ಟ್ರು ಸುಮ್ನೆ ಹೇಳಿದ್ದಲ್ಲ. ಅವರ ಕಾರಣಗಳು ಗಟ್ಟಿಯಾಗಿಯೇ ಇದ್ದವು. "ಮಳೆಗಾಲ, ರಾತ್ರಿ, ಸಣ್ಣ ದೀಪ, ಚಿಲಕ ಹಾಕದ ಬಾಗಿಲು, ಸದ್ದಾದಾಗ ಏಳೋದು. ವಿರಹಕ್ಕೆ ಇನ್ನೇನು ಬೇಕಪ್ಪಾ?" ಅಂದರು. ನಿಜ. ಮೋಡ ಕವಿದರೆ ಅಗಲಿದವರ ನೆನಪು ಅನ್ನುವುದು ನಮ್ಮ ಓದಿನಲ್ಲಿ ನೂರಾರು ವರ್ಷದಿಂದ ಕೂತುಬಿಟ್ಟಿದೆ. ಈ ವಸ್ತುಗಳನ್ನು ಕಂಡ ಕೂಡಲೇ ಪಳಗಿದ ಓದುಗನ ಮನಸ್ಸು ತಾನಾಗಿ ವಿಪ್ರಲಂಭ ಶೃಂಗಾರದ, ಅಂದರೆ ಅಗಲಿಕೆಯ ಪ್ರೇಮದ ಕಡೆ ತಿರುಗುತ್ತದೆ.

ಅವರ ಕೈಯಲ್ಲಿದ್ದ ಇನ್ನೂ ಬಲವಾದ ಸಾಕ್ಷಿ ಕೊನೆಯ ಸಾಲು. ಬಾಗಿಲು ಬಡಿದಾಗ ಏಳುವುದು ಔತ್ಸುಕ್ಯ, ಅಂದರೆ ಬೇಕಾದವರಿಗಾಗಿ ಕಾಯುವ ಆತುರ. ಬರುತ್ತಾರೆ ಅನ್ನುವ ಆಸೆ ಇಲ್ಲದೆ ಯಾರಾದರೂ ಏಳುತ್ತಾರಾ? ಭರತನೂ ಮೇಷ್ಟ್ರ ಪಕ್ಷದಲ್ಲೇ ನಿಂತ ಹಾಗೆ ಕಾಣುತ್ತಾನೆ. ಕರುಣಕ್ಕೂ ವಿಪ್ರಲಂಭಕ್ಕೂ ಇರುವ ವ್ಯತ್ಯಾಸವನ್ನು ಅವನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಕರುಣ ನಿರಪೇಕ್ಷ, ಅಲ್ಲಿ ಎದುರು ನೋಡಲು ಏನೂ ಉಳಿದಿರುವುದಿಲ್ಲ. ವಿಪ್ರಲಂಭ ಸಾಪೇಕ್ಷ, ಅದು ಔತ್ಸುಕ್ಯ, ಚಿಂತೆಗಳಿಂದ ಹುಟ್ಟುತ್ತದೆ, ಅಲ್ಲಿ ಮತ್ತೆ ಸೇರುವ ನಿರೀಕ್ಷೆ ಬದುಕಿರುತ್ತದೆ. ಹಾಗಾದರೆ ಚಿಲಕ ಹಾಕದ ಬಾಗಿಲು ನಿರೀಕ್ಷೆಯಲ್ಲದೆ ಮತ್ತೇನು?

ಒಂದು ಗಳಿಗೆ ನನಗೂ ಹೌದೇನೋ ಅನ್ನಿಸಿತು. ಆದರೆ ಮೇಷ್ಟ್ರ ಓದಿನಲ್ಲಿ ಒಂದು ಜಾಗ ಖಾಲಿ ಇತ್ತು. ಮಳೆ, ದೀಪ, ಬಾಗಿಲು, ಏಳುವುದು ಎಲ್ಲ ಲೆಕ್ಕಕ್ಕೆ ಬಂದಿದ್ದವು. ಮೂರನೇ ಸಾಲಿನಿಂದ ಐದನೇ ಸಾಲಿನವರೆಗೆ ಅವರು ಏನೂ ಹೇಳಿರಲಿಲ್ಲ. ಕವಿತೆ ತಪ್ಪಾಗಿ ಓದಿದ್ದರ ಗುರುತು ಬಹಳ ಸಲ ಹೀಗೇ ಸಿಗುತ್ತದೆ. ನಾವು ಇಟ್ಟ ಹೆಸರಿಗೆ ಯಾವ ಸಾಲು ಕೆಲಸವಿಲ್ಲದೆ ಕೂತಿದೆ ಅಂತ ನೋಡಬೇಕು.

ಇದ್ದದ್ದು

ಮೂರನೇ ಸಾಲನ್ನು ಮತ್ತೊಮ್ಮೆ ಓದಿ. "ಇದ್ದದ್ದು ಅದೊಂದೇ ಜೊತೆ ನಿನಗೆ."

ಇದ್ದದ್ದು ಒಂದೇ ಜೊತೆ. ಅದು ಮನೆಯ ಮೆಟ್ಟಿಲ ಮೇಲೇ ಇದೆ. ಹಾಗಾದರೆ ಹೋದವರು ಕಾಲಿಗೆ ಏನು ಹಾಕಿಕೊಂಡು ಹೋದರು? ಏನೂ ಇಲ್ಲ. ತಾವಾಗಿ ನಡೆದು ಹೋಗಿದ್ದರೆ ಚಪ್ಪಲಿ ಅವರ ಜೊತೆ ಹೋಗುತ್ತಿತ್ತು. ಈ ಒಂದು ಲೆಕ್ಕ ಮನಸ್ಸಿನಲ್ಲಿ ಕೂತ ಕ್ಷಣ ಇಡೀ ಕವಿತೆ ಅಡಿಮೇಲಾಗುತ್ತದೆ.

ಎಂ.ಎ. ಹುಡುಗ ಬಿಡಲಿಲ್ಲ. "ಬರಿಗಾಲಲ್ಲೇ ಎಲ್ಲಿಗೋ ಹೋಗಿರಬಹುದಲ್ವಾ? ಸಿಟ್ಟು ಮಾಡಿಕೊಂಡು?" ಅಂದ. ಆಗ ನಾನು ಕ್ರಿಯಾಪದ ತೋರಿಸಿದೆ. ಬದುಕಿರುವವರ ಬಗ್ಗೆ ನಾವು "ಅವರಿಗೆ ಇರೋದು ಒಂದೇ ಜೊತೆ" ಅನ್ನುತ್ತೇವೆ. ಇಲ್ಲಿ "ಇದ್ದದ್ದು" ಅಂತಿದೆ. ಚಪ್ಪಲಿ ಇನ್ನೂ ಇದೆ, ಕೈಗೆ ಸಿಗುತ್ತಿದೆ. ಆದರೂ ಅದು ಅವರಿಗೆ "ಇದ್ದದ್ದು". ಅಂದರೆ ವಸ್ತು ಉಳಿದಿದೆ, "ನಿನಗೆ" ಅನ್ನುವುದು ಉಳಿದಿಲ್ಲ. ಸತ್ತ ಸುದ್ದಿ ಕವಿತೆಯಲ್ಲಿ ಎಲ್ಲೂ ಇಲ್ಲ. ಇರುವುದು ಒಂದು ಭೂತಕಾಲ ಮಾತ್ರ.

ಇದು ನಾನು ಹೊಸದಾಗಿ ಹುಡುಕಿದ ದಾರಿ ಅಲ್ಲ. ರಸವನ್ನು ಸೂಚಿಸುವುದಕ್ಕೆ ದೊಡ್ಡ ವರ್ಣನೆಯೇ ಬೇಕಿಲ್ಲ, ಒಂದು ವಿಭಕ್ತಿ ಪ್ರತ್ಯಯ, ಒಂದು ಕ್ರಿಯಾಪದದ ರೂಪ, ಏಕವಚನವೋ ಬಹುವಚನವೋ ಅನ್ನುವುದು ಕೂಡ ಸಾಕಾಗಬಹುದು ಅಂತ ಆನಂದವರ್ಧನ ತನ್ನ ಧ್ವನ್ಯಾಲೋಕದ ಮೂರನೇ ಭಾಗದಲ್ಲಿ ಹೇಳುತ್ತಾನೆ. ನಾನು ಅದನ್ನು ಮೊದಲ ಸಲ ಓದಿದಾಗ ವ್ಯಾಕರಣದವರ ಜಾಣತನ ಅಂದುಕೊಂಡಿದ್ದೆ. ಈ ಸಾಲು ಕಂಡ ಮೇಲೆ ಅದು ಎಷ್ಟು ನಿಜ ಅಂತ ಗೊತ್ತಾಯಿತು. ಕನ್ನಡದಲ್ಲಿ ಇಂಥ ಕೆಲಸ ಮಾಡುವುದು ಹೆಚ್ಚಾಗಿ ಬಾಲಂಗೋಚಿಗಳೇ. ಓದುವಾಗ ನಾಮಪದಗಳನ್ನೇ ನೋಡುತ್ತಾ ಹೋದರೆ ಅವು ಕೈತಪ್ಪುತ್ತವೆ.

ಇನ್ನು ಮಣ್ಣು. ಹಿಮ್ಮಡಿ ಒತ್ತಿ ಒತ್ತಿ ಚಪ್ಪಲಿಯಲ್ಲಿ ಒಂದು ಗುಳಿ ಬಿದ್ದಿರುತ್ತದಲ್ಲ, ಅದು ಆ ಒಬ್ಬ ಮನುಷ್ಯನ ಪಾದದ ಅಚ್ಚು. ಬೇರೆ ಯಾರ ಪಾದಕ್ಕೂ ಅದು ಕೂರುವುದಿಲ್ಲ. ಅದರಲ್ಲಿ ಕೊನೆಯ ಸಲ ನಡೆದ ದಾರಿಯ ಮಣ್ಣು ಇದೆ. ವಾಪಸ್ ಬರುವವರ ಚಪ್ಪಲಿ ಆದರೆ ಒರೆಸಿ ಇಡುತ್ತೇವೆ, ಬಂದ ಮೇಲೆ ಹಾಕಿಕೊಳ್ಳಲಿ ಅಂತ. ಇಲ್ಲಿ ಒರೆಸುವುದಿಲ್ಲ. ಒರೆಸಿದರೆ ಉಳಿದಿರುವುದೂ ಹೋಗುತ್ತದೆ. "ಒರೆಸಲಿಲ್ಲ" ಅನ್ನುವುದಕ್ಕೆ ಕವಿತೆ ಒಂದು ಪೂರ್ತಿ ಸಾಲು ಕೊಟ್ಟಿದೆ. ಮಾಡದೇ ಬಿಟ್ಟ ಕೆಲಸವೂ ಅನುಭಾವ ಆಗಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಬೇಗ ನೆನಪಾಗುವುದಿಲ್ಲ.

ಈಗ ಮೊದಲೆರಡು ಸಾಲಿಗೂ ಬೇರೆ ಬೆಲೆ ಬರುತ್ತದೆ. ಮಳೆ ಇಲ್ಲಿ ವಿರಹದ ಮಳೆ ಅಲ್ಲ. ಮಳೆ ಬಿದ್ದರೆ ಮಣ್ಣು ತೊಳೆದುಹೋಗುತ್ತದೆ. ಅದಕ್ಕೇ ಅದು ಬರುವ ಮುನ್ನವೇ ಚಪ್ಪಲಿ ಒಳಗೆ ಬಂದಿದೆ. ಅದೇ ಉದ್ದೀಪನ ಈಗ ಬೇರೆ ಸ್ಥಾಯಿಗೆ ಗಾಳಿ ಹಾಕುತ್ತಿದೆ. ಮಮ್ಮಟನ ಹುಲಿ ನೆನಪಾಗುತ್ತದೆ.

ಹಾಗಾದರೆ ಎದ್ದದ್ದು ಯಾಕೆ

ಮೇಷ್ಟ್ರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಮೂರನೇ ಸಾಲು ಒಪ್ಪಿದೆ. ಆದರೆ ಕೊನೇ ಸಾಲು ಏನು ಮಾಡ್ತೀಯ? ನಿರಪೇಕ್ಷ ಅಂತೀಯ, ಅವಳು ಏಳ್ತಿದ್ದಾಳಲ್ಲ" ಅಂದರು. ಆ ಸಂಜೆಯ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಮೊದಲ ಉತ್ತರ ಪಟ್ಟಿಯಲ್ಲೇ ಇದೆ. ಕರುಣದ ವ್ಯಭಿಚಾರಿಗಳನ್ನು ಹೇಳುವಾಗ ಭರತ ನಿರ್ವೇದ, ಗ್ಲಾನಿ, ಚಿಂತೆಗಳ ಜೊತೆ ಔತ್ಸುಕ್ಯವನ್ನೂ ಸೇರಿಸಿದ್ದಾನೆ. ಹಾಗಾಗಿ ಔತ್ಸುಕ್ಯ ಕಂಡಿತು ಅನ್ನುವುದರಿಂದಲೇ ವಿರಹ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಆದರೆ ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ. ಅದು ಹೇಗೆ ಅಲ್ಲಿ ಕೂರುತ್ತದೆ ಅಂತ ತೋರಿಸಬೇಕು.

ತೋರಿಸುವುದು ಒಂದು "ಊ". ಎರಡು ಸಲ ಎದ್ದೆ ಅಂದಿದ್ದರೆ ಅದು ಬರೀ ಎಣಿಕೆ. "ಎರಡು ಸಲವೂ ಎದ್ದೆ" ಅಂದಾಗ ಮೊದಲ ಸಲ ಎದ್ದು ನೋಡಿದ್ದು, ಯಾರೂ ಇಲ್ಲದ್ದು, ಬರೀ ಗಾಳಿ ಅಂತ ಗೊತ್ತಾದದ್ದು, ಮತ್ತೆ ಮಲಗಿದ್ದು, ಗೊತ್ತಿದ್ದೂ ಮತ್ತೆ ಎದ್ದದ್ದು ಎಲ್ಲ ಒಳಗೆ ಬಂತು. ಇನ್ನೂ ಒಂದು ಗಮನಿಸಿ. ಬಾಗಿಲು ಬಡಿದದ್ದು ಗಾಳಿಗೆ ಅಂತ ಏಳನೇ ಸಾಲು ಮೊದಲೇ ಹೇಳಿಬಿಟ್ಟಿದೆ. ಯಾರು ಬಂದರೋ ಅನ್ನುವ ಕುತೂಹಲಕ್ಕೆ ಕವಿತೆ ಜಾಗವನ್ನೇ ಕೊಟ್ಟಿಲ್ಲ. ಹೇಳುವವಳಿಗೂ ಗೊತ್ತು, ಓದುವವರಿಗೂ ಗೊತ್ತು. ಮನಸ್ಸಿಗೆ ಗೊತ್ತಿದೆ, ಮೈಗೆ ಇನ್ನೂ ಗೊತ್ತಾಗಿಲ್ಲ. ಆ ಔತ್ಸುಕ್ಯ ಎದ್ದ ಕೂಡಲೇ ಸಾಯುತ್ತದೆ, ಮತ್ತೆ ಎದ್ದು ಮತ್ತೆ ಸಾಯುತ್ತದೆ.

ವ್ಯಭಿಚಾರಿ ಭಾವಗಳು ಸ್ಥಾಯಿಯಲ್ಲಿ, ಕಡಲಿನಲ್ಲಿ ಅಲೆಗಳ ಹಾಗೆ ಎದ್ದು ಮುಳುಗುತ್ತವೆ ಅಂತ ದಶರೂಪಕ ಬರೆದ ಧನಂಜಯ ಹೇಳುತ್ತಾನೆ. ಮುಳುಗಿದ ಮೇಲೆ ಏನು ಉಳಿಯುತ್ತದೆ ಅನ್ನುವುದೇ ಪರೀಕ್ಷೆ. ವಿಪ್ರಲಂಭದಲ್ಲಿ ಒಂದು ಸಲದ ಆಸೆ ಸುಳ್ಳಾದರೆ ಅದರಡಿ ಇನ್ನೊಂದು ಆಸೆ ಇರುತ್ತದೆ. ಇವತ್ತಲ್ಲದಿದ್ದರೆ ನಾಳೆ. ಇಲ್ಲಿ ಆ ನಾಳೆ ಇಲ್ಲ. ಅಡಿಯಲ್ಲಿ ಮಣ್ಣು ಒರೆಸದ ಚಪ್ಪಲಿ ಇದೆ.

ಕರುಣವಿಪ್ರಲಂಭ ಅಂತ ಇನ್ನೊಂದು ಹೆಸರಿದೆಯಲ್ಲ, ಎರಡನ್ನೂ ಕೂಡಿಸಿ ಹಾಗೆ ಕರೆದುಬಿಡೋಣ ಅಂತ ಒಬ್ಬರು ರಾಜಿ ಮಾಡಿಸಲು ಹೊರಟರು. ಆ ಹೆಸರು ರಾಜಿಗೆ ಇರುವುದಲ್ಲ. ಸಾಹಿತ್ಯದರ್ಪಣದಲ್ಲಿ ವಿಶ್ವನಾಥ ಅದಕ್ಕೆ ಖಚಿತವಾದ ಷರತ್ತು ಹಾಕಿದ್ದಾನೆ. ಪ್ರೇಮಿಗಳಲ್ಲಿ ಒಬ್ಬರು ತೀರಿಕೊಂಡಿರಬೇಕು, ಜೊತೆಗೆ ಮತ್ತೆ ಸಿಗುವುದು ನಿಶ್ಚಯ ಇರಬೇಕು. ಬಾಣಭಟ್ಟನ "ಕಾದಂಬರಿ"ಯಲ್ಲಿ ಪುಂಡರೀಕ ಸತ್ತ ಮೇಲೂ ಮಹಾಶ್ವೇತೆಗೆ ಅವನು ಮತ್ತೆ ಸಿಗುತ್ತಾನೆ ಅನ್ನುವ ಮಾತು ಆಕಾಶದಿಂದ ಬರುತ್ತದೆ. ಅದು ಕರುಣವಿಪ್ರಲಂಭ. ನಮ್ಮ ಎಂಟು ಸಾಲಿನಲ್ಲಿ ಅಂಥ ಮಾತು ಯಾರೂ ಕೊಟ್ಟಿಲ್ಲ. ಗಾಳಿ ಬಾಗಿಲು ಬಡಿಯಿತು, ಅಷ್ಟೇ.

ಹಾಗಂತ ಮೇಷ್ಟ್ರು ಕಂಡ ಪ್ರೀತಿ ಸುಳ್ಳಲ್ಲ. ಅದು ಕವಿತೆಯಲ್ಲಿ ಇದ್ದೇ ಇದೆ, ಆದರೆ ಯಜಮಾನನಾಗಿ ಅಲ್ಲ. ಇದಕ್ಕೆ ಹಳಬರು ಮತ್ತೆ ಮತ್ತೆ ಕೊಡುವ ಉದಾಹರಣೆ ಮಹಾಭಾರತದ ಸ್ತ್ರೀಪರ್ವದ್ದು. ಯುದ್ಧ ಮುಗಿದ ಮೇಲೆ ಭೂರಿಶ್ರವಸನ ಹೆಂಡತಿ ಅವನ ಕಡಿದು ಬಿದ್ದ ಕೈ ನೋಡಿ, ನನ್ನ ಡಾಬು ಸಡಿಲಿಸುತ್ತಿದ್ದ ಕೈ ಇದೇ ಅಲ್ಲವಾ ಅಂತ ಅಳುತ್ತಾಳೆ. ಮಾತೆಲ್ಲ ಶೃಂಗಾರದ್ದು. ಆದರೆ ಒಂದೊಂದು ಸುಖದ ನೆನಪೂ ಶೋಕವನ್ನೇ ಜಾಸ್ತಿ ಮಾಡುತ್ತದೆ. ಅಲ್ಲಿ ಶೃಂಗಾರ ಕರುಣಕ್ಕೆ ಅಂಗ. ನಮ್ಮ ಕವಿತೆಯಲ್ಲಿ ಹಿಮ್ಮಡಿಯ ಗುಳಿ ಮಾಡುವುದೂ ಅದನ್ನೇ. ಅಷ್ಟು ಹತ್ತಿರದಿಂದ ಆ ಪಾದ ಗೊತ್ತಿದ್ದವರಿಗೆ ಮಾತ್ರ ಆ ಗುಳಿ ಕಣ್ಣಿಗೆ ಬೀಳುತ್ತದೆ.

ಆದರೆ ಆ ಪ್ರೀತಿ ಯಾವ ಬಗೆಯದು? ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. "ನೀನು" ಗಂಡೋ ಹೆಣ್ಣೋ ಕವಿತೆ ಹೇಳುವುದಿಲ್ಲ. ಹೋದನು, ಹೋದಳು ಅಂತ ಬರೆದಿದ್ದರೆ ಕನ್ನಡದಲ್ಲಿ ಕೂಡಲೇ ಗೊತ್ತಾಗುತ್ತಿತ್ತು. "ನಿನಗೆ" ಅಂದಾಗ ಗೊತ್ತಾಗುವುದಿಲ್ಲ. "ತಂದಿಟ್ಟೆ", "ಎದ್ದೆ" ಅಂದಾಗ ಹೇಳುವವರೂ ಯಾರು ಅಂತ ಗೊತ್ತಾಗುವುದಿಲ್ಲ. ಮೇಷ್ಟ್ರೂ ನಾನೂ "ಅವಳು" ಅಂದುಕೊಂಡದ್ದು ನಮ್ಮ ಅಭ್ಯಾಸ. ಗಂಡನನ್ನು ಕಳೆದುಕೊಂಡ ಹೆಂಡತಿ ಇರಬಹುದು, ಮಗನನ್ನು ಕಳೆದುಕೊಂಡ ತಂದೆ ಇರಬಹುದು, ಅಕ್ಕನನ್ನು ಕಳೆದುಕೊಂಡ ತಮ್ಮ ಇರಬಹುದು. ಶೃಂಗಾರ ಅನ್ನಬೇಕಾದರೆ ಇಬ್ಬರೂ ಪ್ರೇಮಿಗಳು ಅಂತ ಮೊದಲು ನಾವೇ ಸೇರಿಸಿಕೊಳ್ಳಬೇಕು. ದೇವರ ಮೇಲೆ, ಗುರುಗಳ ಮೇಲೆ, ಮಕ್ಕಳ ಮೇಲೆ ಇರುವ ರತಿಯನ್ನು ಮಮ್ಮಟನ ಪರಂಪರೆ ಶೃಂಗಾರ ರಸ ಅನ್ನುವುದೇ ಇಲ್ಲ, ಬರೀ ಭಾವ ಅನ್ನುತ್ತದೆ. ಕರುಣಕ್ಕೆ ಈ ತೊಂದರೆ ಇಲ್ಲ. ಅದಕ್ಕೆ ಬೇಕಾದದ್ದು ಇಷ್ಟಜನ, ಅಂದರೆ ಬೇಕಾದವರು ಯಾರಾದರೂ. ಕವಿತೆ ಹೇಳದ ಯಾವುದನ್ನೂ ತುರುಕದೆ ನಿಲ್ಲುವ ಓದು ಕರುಣದ್ದೇ.

ಸಾಲು ಬದಲಿಸಿ ನೋಡಿದ್ದು

ವಾದ ಸಾಕು, ಪರೀಕ್ಷೆ ಮಾಡೋಣ ಅಂತ ಗೆಳತಿಯೇ ಪೆನ್ಸಿಲ್ ತೆಗೆದಳು. ಏಳು ಸಾಲು ಹಾಗೇ ಇಟ್ಟು ಮೂರನೆಯದನ್ನು ಮಾತ್ರ ಬದಲಿಸಿದಳು: "ಹೊಸ ಜೊತೆ ಮೆಟ್ಟಿಕೊಂಡು ಹೋದೆ ನೀನು." ಜೋರಾಗಿ ಓದಿದಳು. ನಿಜಕ್ಕೂ ಕವಿತೆ ಬೇರೆಯೇ ಆಯಿತು. ಮಳೆ ತಟ್ಟನೆ ವಿರಹದ ಮಳೆ ಆಯಿತು. ಚಿಲಕ ಹಾಕದ ಬಾಗಿಲು ಆಸೆ ಆಯಿತು. ಒರೆಸದ ಮಣ್ಣು ಕೂಡ ಪ್ರಿಯರ ಗುರುತನ್ನು ಕಾಪಾಡುವ ಒಲವಾಗಿ ಕಂಡಿತು. ಕೊನೆಯ ಸಾಲಿನ ಆತುರಕ್ಕೆ ಒಂದು ನಾಳೆ ಸಿಕ್ಕಿತು. ಅದೇ ವಸ್ತುಗಳು, ಅದೇ ಅನುಭಾವ, ರಸ ಮಾತ್ರ ವಿಪ್ರಲಂಭ ಶೃಂಗಾರ. ಮೇಷ್ಟ್ರು ಓದಿದ್ದು ಈ ಕವಿತೆಯನ್ನು, ಹಾಳೆಯಲ್ಲಿ ಇದ್ದದ್ದನ್ನು ಅಲ್ಲ.

ಆಮೇಲೆ ಮೂರನೇ ಸಾಲನ್ನು ಮೊದಲಿನ ಹಾಗೆ ಮಾಡಿ, "ಇದ್ದದ್ದು" ಅನ್ನುವಲ್ಲಿ "ಇರುವುದು" ಅಂತ ಬರೆದಳು. ಆಗ ಕವಿತೆ ತೂಗುಯ್ಯಾಲೆಯಾಯಿತು. ಬರಿಗಾಲಲ್ಲಿ ಹೋದವರು ಎಲ್ಲಿದ್ದಾರೋ ಅನ್ನುವ ಶಂಕೆ ಬಂತು, ಆದರೆ ಯಾವ ಸ್ಥಾಯಿಯೂ ಗಟ್ಟಿಯಾಗಿ ಕೂರಲಿಲ್ಲ.

ಭಯದ ಮಾತು ಉಳಿದಿತ್ತು. ಸತ್ತವರ ಚಪ್ಪಲಿ, ರಾತ್ರಿ, ತಾನಾಗಿ ಬಡಿಯುವ ಬಾಗಿಲು. ವಿಭಾವ ಮಾತ್ರ ನೋಡಿದರೆ ಹುಡುಗ ಹೆದರಿದ್ದರಲ್ಲಿ ತಪ್ಪಿಲ್ಲ. ಆದರೆ ಅನುಭಾವ ನೋಡು ಅಂದೆ. ಹೆದರಿದವರು ಚಿಲಕ ಹಾಕುತ್ತಾರೆ, ಮುದುಡುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಇಲ್ಲಿ ಚಿಲಕ ಹಾಕದೆ ಬಿಟ್ಟು, ಸದ್ದಾದ ಕಡೆಗೇ ಏಳುತ್ತಾರೆ. "ಬೆಚ್ಚಿ ಎದ್ದೆ" ಅಂತ ಒಂದು ಪದ ಸೇರಿದ್ದರೆ ಹುಡುಗನೇ ಗೆಲ್ಲುತ್ತಿದ್ದ. ಅವನು ಅದನ್ನು ತಾನೇ ಹಾಳೆಯ ಅಂಚಿನಲ್ಲಿ ಬರೆದು ನೋಡಿ ಒಪ್ಪಿಕೊಂಡ.

ಅವನದೇ ಇನ್ನೊಂದು ಆಕ್ಷೇಪ ಇತ್ತು, ಅದು ಪರೀಕ್ಷೆಗೆ ಓದುವವರೆಲ್ಲ ಬೀಳುವ ಗುಂಡಿ. ಕರುಣದ ಅನುಭಾವ ಅಂದರೆ ಕಣ್ಣೀರು, ಗೋಳಾಟ, ಬಾಯಿ ಒಣಗುವುದು, ಮುಖ ಬಿಳಚುವುದು, ನಿಟ್ಟುಸಿರು ಅಂತ ಭರತ ಹೇಳಿದ್ದಾನೆ. ಇಲ್ಲಿ ಒಂದೂ ಇಲ್ಲವಲ್ಲ? ಇಲ್ಲ, ನಿಜ. ಆ ಪಟ್ಟಿ ರಂಗದ ಮೇಲೆ ನಿಂತ ನಟನಿಗೆ. ದೂರ ಕೂತವರಿಗೂ ಕಾಣಬೇಕಲ್ಲ. ಓದುವ ಕವಿತೆಯಲ್ಲಿ "ಒರೆಸಲಿಲ್ಲ" ಅನ್ನುವಷ್ಟು ಸಣ್ಣ ಸನ್ನೆಯೂ ಕಾಣುತ್ತದೆ. ಪಟ್ಟಿಗೆ ಗುರುತು ಹಾಕುತ್ತಾ ಹೋದರೆ ಇಂಥ ಕವಿತೆಗೆ ರಸವೇ ಇಲ್ಲ ಅಂತ ಬರೆಯಬೇಕಾಗುತ್ತದೆ. ಗೋಳಾಡುವ ಕೆಟ್ಟ ಪದ್ಯಕ್ಕೆ ಪೂರ್ತಿ ಅಂಕ ಸಿಗುತ್ತದೆ.

ಹೋದ ಎರಡು ಸಾಲು

ಮೊದಲ ಕರಡಿನ ಕೊನೆಯಲ್ಲಿ ಇದ್ದದ್ದು ಇವು:

ಶೋಕದ ಕಡಲು ಎದೆಯೊಳಗೆ,
ಕಣ್ಣೀರು ನಿಲ್ಲದು ಇನ್ನು.

ಓದುತ್ತಾ ಬಂದು ಇಲ್ಲಿಗೆ ತಲುಪಿದಾಗ ಏನಾಗುತ್ತದೆ ಅಂತ ನೀವೇ ನೋಡಿ. "ಎರಡು ಸಲವೂ ಎದ್ದೆ" ಅನ್ನುವಲ್ಲಿ ಗಂಟಲು ಕಟ್ಟುತ್ತದೆ. ಮುಂದಿನ ಸಾಲಿನಲ್ಲಿ ಅದು ಸಡಿಲವಾಗಿಬಿಡುತ್ತದೆ. ಶೋಕ ಅನ್ನುವ ಪದ ಬಂದ ಕೂಡಲೇ ಶೋಕ ಹೋಗುತ್ತದೆ.

ಇದಕ್ಕೆ ಮಮ್ಮಟನ ರಸದೋಷಗಳ ಪಟ್ಟಿಯಲ್ಲಿ ಮೊದಲ ಜಾಗ. ರಸವನ್ನೋ ಸ್ಥಾಯಿಯನ್ನೋ ವ್ಯಭಿಚಾರಿಯನ್ನೋ ಅದರ ಸ್ವಂತ ಹೆಸರಿನಿಂದ ಹೇಳಿಬಿಡುವುದು ದೋಷ. ಕಾರಣ ಆನಂದವರ್ಧನ ಕೊಟ್ಟಿದ್ದಾನೆ. ಶೃಂಗಾರ ಅನ್ನುವ ಪದ ಇಟ್ಟು ವಿಭಾವಾದಿಗಳನ್ನು ಇಡದಿದ್ದರೆ ರಸದ ಸುಳಿವೂ ಸಿಗುವುದಿಲ್ಲ. ಪದ ಇಡದೆ ವಿಭಾವಾದಿಗಳನ್ನು ಮಾತ್ರ ಇಟ್ಟರೆ ರಸ ಸಿಗುತ್ತದೆ. ಹಾಗಾದರೆ ಕೆಲಸ ಮಾಡುತ್ತಿರುವುದು ಯಾವುದು ಅಂತ ಗೊತ್ತಾಯಿತಲ್ಲ.

ಗೆಳತಿಗೆ ಆ ಸಾಲು ಬಿಡುವುದು ಕಷ್ಟ ಆಗಿತ್ತು. "ಮೊದಲು ಬಂದದ್ದೇ ಅವೆರಡು ಸಾಲು. ಉಳಿದ ಎಂಟು ಅದರಿಂದಲೇ ಹುಟ್ಟಿದ್ದು" ಅಂದಳು. ಅವಳ ಧ್ವನಿ ಸ್ವಲ್ಪ ನಡುಗಿತು. ಯಾರದ್ದು ಆ ಚಪ್ಪಲಿ ಅಂತ ನಾವು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವಳ ಶೋಕ ಅವಳದು, ಅದು ರಸ ಅಲ್ಲ, ಅದನ್ನು ಸವಿಯಿರಿ ಅಂತ ಯಾರಿಗೂ ಹೇಳುವ ಹಾಗಿಲ್ಲ. ಭರತನ ಸೂತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳುವ ಸಾಧಾರಣೀಕರಣ ಇರುವುದು ಈ ಅಂತರದಲ್ಲೇ. ಇದು ಇಂಥವರದು, ಇಂಥ ದಿನದ್ದು ಅನ್ನುವ ಗುರುತು ಕಳಚಿ, ಯಾರದೂ ಅಲ್ಲದ, ಎಲ್ಲರದೂ ಆದ ಭಾವವಾಗಿ ನಿಂತಾಗ ಅದು ಕರುಣ ರಸ. ಹತ್ತು ಸಾಲಿನಲ್ಲಿ ಅವಳು ಅಳುತ್ತಿದ್ದಳು. ಎಂಟು ಸಾಲಿನಲ್ಲಿ ಅಳು ಓದುವವರ ಪಾಲಿಗೆ ಬಂದಿತ್ತು.

ಇದರ ಇನ್ನೊಂದು ಮಗ್ಗುಲು ನನಗೇ ಸೇರಿದ್ದು. ನಾನು ಕವಿತೆಯನ್ನು ಓದಿದ ಕೂಡಲೇ ಸಾವು ಅಂದದ್ದು ಮೂರನೇ ಸಾಲಿನಿಂದಲ್ಲ. ನಮ್ಮ ಮನೆಯಲ್ಲೂ ಒಂದು ಜೊತೆ ಚಪ್ಪಲಿ ತುಂಬ ದಿನ ಬಾಗಿಲ ಹತ್ತಿರವೇ ಇತ್ತು. ಎರಡನೇ ಸಾಲಿಗೇ ನಾನು ಕವಿತೆ ಬಿಟ್ಟು ಅಲ್ಲಿಗೆ ಹೋಗಿಬಿಟ್ಟಿದ್ದೆ. ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿಹೋಗುವುದನ್ನು ಅಭಿನವಗುಪ್ತ ರಸಕ್ಕೆ ಬರುವ ಏಳು ವಿಘ್ನಗಳಲ್ಲಿ ಒಂದು ಅಂತ ಎಣಿಸುತ್ತಾನೆ. ಹಾಗಾಗಿ ನನ್ನ ಉತ್ತರ ಸರಿ ಇತ್ತು, ದಾರಿ ಸರಿ ಇರಲಿಲ್ಲ. ಮೇಷ್ಟ್ರು ಅಷ್ಟು ಗಟ್ಟಿಯಾಗಿ ಅಡ್ಡ ನಿಲ್ಲದಿದ್ದರೆ "ಇದ್ದದ್ದು" ಅನ್ನುವ ಪದದ ಮೇಲೆ ನಾನು ನಿಲ್ಲುತ್ತಲೇ ಇರಲಿಲ್ಲ.

ಏಳುವ ಹೊತ್ತಿಗೆ ಕವಿತೆಗೆ ಹೆಸರು ಏನಿಡಲಿ ಅಂತ ಅವಳು ಕೇಳಿದಳು. ಅವಳ ಮನಸ್ಸಿನಲ್ಲಿ "ಅಗಲಿಕೆ" ಅಂತಿತ್ತು. ಅದೂ ಹೋದ ಎರಡು ಸಾಲಿನ ಹಾಗೇ, ಒಳಗಿನದನ್ನು ಹೊಸಿಲಲ್ಲೇ ಕೂಗಿ ಹೇಳುತ್ತದೆ ಅಂದೆವು. ಮೇಷ್ಟ್ರು ಹಾಳೆ ತೆಗೆದುಕೊಂಡು ಮೂರನೇ ಸಾಲಿನ ಒಂದು ಪದದ ಕೆಳಗೆ ಗೆರೆ ಎಳೆದರು. "ಇದನ್ನು ಚಪ್ಪಲಿಗೆ ಅಂತ ಬರೆದೆ, ಸರಿ. ಆದರೆ ಮನುಷ್ಯರಿಗೂ ಇದೇ ಪದ ಅಲ್ವೇನಮ್ಮಾ? ಬೇರೆ ಯಾವ ಪದ ಇಟ್ಟರೂ ಈ ಎರಡೂ ಒಟ್ಟಿಗೆ ಬರಲ್ಲ" ಅಂದರು. ಅವಳು ಮತ್ತೆ ಓದಿಕೊಂಡಳು. ಇದ್ದದ್ದು ಅದೊಂದೇ ಜೊತೆ ನಿನಗೆ. ಬರೆಯುವಾಗ ಅದು ತನಗೂ ಕಂಡಿರಲಿಲ್ಲ ಅಂದಳು. ಪೆನ್ಸಿಲ್ ತೆಗೆದುಕೊಂಡು ಹಾಳೆಯ ತಲೆಯಲ್ಲಿ "ಜೊತೆ" ಅಂತ ಬರೆದಳು.